ಅರಿಶಿನ ಬಣ್ಣಕ್ಕೆ ಹೆದರಿದ ಅತ್ತೆ

ನನ್ನ ಅತ್ತೆ ಸುಲಭಕ್ಕೆ ಹೆದರುವ ಹೆಂಗಸಲ್ಲ. ಹಲಸೂರಿನ ನಮ್ಮ ಓಣಿಯಲ್ಲಿ ತರಕಾರಿಯವನ ಜೊತೆ ತಮಿಳಿನಲ್ಲಿ, ಕೆಳಮನೆಯ ಭಾಯ್ ಜೊತೆ ಮುರುಕು ಉರ್ದುವಿನಲ್ಲಿ, ನನ್ನ ಜೊತೆ ಕನ್ನಡದಲ್ಲಿ ಸಮಾನವಾಗಿ ಜಗಳವಾಡುತ್ತಿದ್ದವರು. ಮಾವ ತೀರಿಹೋದ ಮೇಲೂ ಯಾರ ಎದುರೂ ದನಿ ತಗ್ಗಿಸಿದವರಲ್ಲ. ಅಂಥವರು ಒಂದು ಬೇಸಿಗೆಯಲ್ಲಿ ತಮ್ಮ ಮೂತ್ರದ ಬಣ್ಣಕ್ಕೆ ಹೆದರಿಬಿಟ್ಟರು.

ಶುರುವಾಗಿದ್ದು ಕೆರೆಯ ಪಕ್ಕದ ವಾಕಿಂಗ್‌ನಲ್ಲಿ. ಅಲ್ಲಿ ಅವರ ಜೊತೆ ನಡೆಯುತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರನ್ನು ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ಅವರ ಫೋನಿಗೆ ಯಾರೋ ಕಳಿಸಿದ್ದ ವಿಡಿಯೋವನ್ನು ಅತ್ತೆಗೂ ತೋರಿಸಿದ್ದರು. ದಿನಕ್ಕೆ ಐದು ಲೀಟರ್ ನೀರು ಕುಡಿಯಬೇಕು, ಮೂತ್ರ ನಲ್ಲಿ ನೀರಿನಷ್ಟು ತಿಳಿಯಾಗಿ ಹೋಗಬೇಕು, ಹಳದಿ ಇದ್ದರೆ ಮೈಯಲ್ಲಿ ವಿಷ ನಿಂತಿದೆ ಎಂದರ್ಥ. ಅತ್ತೆ ಮನೆಗೆ ಬಂದವರೇ ಎರಡು ದೊಡ್ಡ ಬಾಟಲಿ ತರಿಸಿಕೊಂಡರು.

ಅದೇ ದಿನಗಳಲ್ಲಿ ಪಾದ ಜುಮ್ಮೆನ್ನುತ್ತದೆ ಎಂದು ಮೆಡಿಕಲ್ ಶಾಪಿನಿಂದ ವಿಟಮಿನ್ ಮಾತ್ರೆಯನ್ನೂ ತಂದು ನುಂಗುತ್ತಿದ್ದರು. ಆ ಮಾತ್ರೆಯೇ ಮೂತ್ರವನ್ನು ಕಡುಹಳದಿ ಮಾಡುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಬಚ್ಚಲಿಂದ ಹೊರಗೆ ಬಂದು, "ನೋಡೇ, ಇನ್ನೂ ಅರಿಶಿನ ಕಲಸಿದ ಹಾಗೇ ಇದೆ. ಎಷ್ಟು ಕುಡಿದರೂ ಸಾಲ್ತಿಲ್ಲ," ಎನ್ನುತ್ತಿದ್ದರು. ಮತ್ತೆ ಒಂದು ಲೋಟ ಎತ್ತುತ್ತಿದ್ದರು. ಬಾಯಾರಿಕೆಯಿಂದ ಕುಡಿಯುವವರ ಮುಖವಲ್ಲ ಅದು. ಔಷಧಿ ಕುಡಿಯುವವರ ಹಾಗೆ ಕಣ್ಣು ಮುಚ್ಚಿ, ತಡೆದು ತಡೆದು ನುಂಗುತ್ತಿದ್ದರು.

ನೀರೇ ಹೊಟ್ಟೆ ತುಂಬಿದ ಮೇಲೆ ಊಟ ಕಮ್ಮಿಯಾಯಿತು. ಒಂದು ಇಡ್ಲಿ, ಅರ್ಧ ತಟ್ಟೆ ಅನ್ನ. ಬಿ.ಪಿ. ಇದೆಯೆಂದು ದಿನಾ ಮಾತ್ರೆ ತಗೊಳ್ಳುತ್ತಿದ್ದರು, ಉಪ್ಪನ್ನೂ ಮೊದಲೇ ಬಿಟ್ಟಿದ್ದರು. ತಲೆನೋವು ಬಂತು. ವಾಕರಿಕೆ ಬಂತು. ಟೀಚರಮ್ಮನನ್ನು ಕೇಳಿದರೆ, "ಕೊಳೆ ಹೊರಗೆ ಹೋಗ್ತಿದೆ ಕಣ್ರೀ, ನಿಲ್ಲಿಸಬೇಡಿ," ಎಂದರಂತೆ. ನನ್ನ ಗಂಡ, "ಅಮ್ಮಾ, ಸಾಕು ಬಿಡಮ್ಮ, ಅನ್ನ ತಿನ್ನು," ಎಂದು ಗದರಿದರು. "ನೀನು ಡಾಕ್ಟ್ರಾ?" ಎಂದು ಅತ್ತೆ ಬಾಟಲಿಯನ್ನು ತಮ್ಮ ಮಂಚದ ಪಕ್ಕಕ್ಕೆ ಎಳೆದುಕೊಂಡರು.

ಆಮೇಲೆ ನಡಿಗೆ ತಪ್ಪಿತು. ಗೋಡೆ ಹಿಡಿದು ಓಡಾಡತೊಡಗಿದರು. ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದು, ತೀರಿಹೋಗಿದ್ದ ಮಾವನಿಗೆ ಕಾಫಿ ಕೊಟ್ಟೆಯಾ ಎಂದು ಕೇಳಿದರು. ನಾನು ಒಲೆ ಆರಿಸಿ ಅವರ ಮುಖ ನೋಡಿದೆ. ಕಣ್ಣು ನನ್ನ ಮೇಲೇ ಇತ್ತು, ನೋಟ ಮಾತ್ರ ಇರಲಿಲ್ಲ. ಗಂಡನನ್ನು ಕೂಗುವಷ್ಟರಲ್ಲಿ ಅವರು ನೆಲಕ್ಕೆ ಬಿದ್ದು, ಕೈಕಾಲು ಸೆಟೆದು ಅದುರತೊಡಗಿದರು. ಬಾಯಿಂದ ನೀರಿನಂಥದೇ ವಾಂತಿ. ಅವರನ್ನು ಮಗ್ಗುಲಿಗೆ ಹೊರಳಿಸುವುದರೊಳಗೆ ಒಂದಷ್ಟು ಒಳಕ್ಕೇ ಹೋಗಿತ್ತು. ನಮಗೆ ಅದು ಆಗ ತಿಳಿಯಲಿಲ್ಲ.

ಶಿವಾಜಿನಗರದಲ್ಲಿ ಬಟ್ಟೆ ಅಂಗಡಿಯಿರುವ ಕೆಳಮನೆಯ ಭಾಯ್, ಅಂಗಡಿಗೆ ಹೊರಟಿದ್ದವರು ಸದ್ದು ಕೇಳಿ ಓಡಿ ಬಂದರು. ಅವರ ಕಾರಿನಲ್ಲೇ ಇಂದಿರಾನಗರದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ "ಅಮ್ಮಾ, ಆಂಖೇ ಖೋಲೋ, ಕಣ್ಣು ಬಿಡಿ," ಎನ್ನುತ್ತಲೇ ಗಾಡಿ ಓಡಿಸಿದರು.

ನಾವು ಪಾರ್ಶ್ವವಾಯು ಅಂದುಕೊಂಡಿದ್ದೆವು. ರಕ್ತಪರೀಕ್ಷೆ ಬಂದ ಮೇಲೆ ತುರ್ತು ವಿಭಾಗದ ಡಾಕ್ಟರಮ್ಮ ನಮ್ಮನ್ನು ಕರೆದು ಕೇಳಿದ ಮೊದಲ ಪ್ರಶ್ನೆ, "ಇವರು ನೀರು ಎಷ್ಟು ಕುಡಿತಾರೆ?"

ನಾನು ಹೇಳಿದೆ. ನಾವು ತಂದಿದ್ದ ಬಿ.ಪಿ. ಮಾತ್ರೆಯ ಪಟ್ಟಿಯನ್ನು ಅವರು ತಿರುಗಿಸಿ ನೋಡಿದರು.

"ರಕ್ತದಲ್ಲಿ ಸೋಡಿಯಂ ತುಂಬಾ ಇಳಿದುಹೋಗಿದೆ. ಈ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡೋ ಔಷಧಿ ಇದೆ. ಅದು ಉಪ್ಪನ್ನೂ ಕಳೆಯುತ್ತೆ, ಹೆಚ್ಚಾದ ನೀರನ್ನ ಕಿಡ್ನಿ ಹೊರಗೆ ಹಾಕೋದಕ್ಕೂ ಅಡ್ಡಿ ಮಾಡುತ್ತೆ. ಊಟವೂ ಇಲ್ಲ ಅಂದ್ರೆ ಇನ್ನೂ ಕಷ್ಟ. ನೀರು ಒಳಗೇ ಉಳಿದು ಮಿದುಳು ಊದಿಕೊಂಡಿದೆ. ಫಿಟ್ಸ್ ಬಂದಿದ್ದು ಅದಕ್ಕೇ."

"ಆದ್ರೆ ಹಳದಿಯಾಗಿ ಹೋಗ್ತಿತ್ತಲ್ಲ ಡಾಕ್ಟ್ರೇ," ಎಂದರು ನನ್ನ ಗಂಡ. ಇನ್ನೂ ನಂಬಿರಲಿಲ್ಲ.

ವಿಟಮಿನ್ ಮಾತ್ರೆಯ ವಿಷಯ ನಾನು ಹೇಳಿದೆ. "ಆ ಬಣ್ಣ ಮಾತ್ರೇದು. ಎಷ್ಟು ನೀರು ಕುಡಿದಿದ್ರೂ ಹಳದಿ ಪೂರ್ತಿ ಹೋಗ್ತಿರಲಿಲ್ಲ," ಎಂದರು ಡಾಕ್ಟರಮ್ಮ.

ಉಪ್ಪು ಹೆಚ್ಚಿರುವ ದ್ರಾವಣವನ್ನು ರಕ್ತನಾಳಕ್ಕೆ ಸ್ವಲ್ಪವೇ ಕೊಟ್ಟು, ಮತ್ತೆ ಮತ್ತೆ ರಕ್ತ ತೆಗೆದು ನೋಡುತ್ತಿದ್ದರು. ಸೋಡಿಯಂ ಬೇಗ ಏರಿಸಿಬಿಡಿ ಎಂದು ನನ್ನ ಗಂಡ ಅಂಗಲಾಚಿದಾಗ, ಅವಸರದಲ್ಲಿ ಏರಿಸಿದರೆ ಮಿದುಳಿಗೆ ಬೇರೆ ಥರದ ಪೆಟ್ಟು ಬೀಳುತ್ತದೆ ಎಂದರು. ಕಾಯುವುದೊಂದೇ ನಮಗಿದ್ದ ಕೆಲಸ.

ಮಾರನೆಯ ದಿನ ಅತ್ತೆಗೆ ಪ್ರಜ್ಞೆ ಬಂತು. ನನ್ನ ಗುರುತು ಸಿಕ್ಕಿತು. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ನೀರು ಕೊಡೇ."

ಕೊಡುವ ಹಾಗಿರಲಿಲ್ಲ. ನರ್ಸ್ ಒದ್ದೆ ಹತ್ತಿಯಿಂದ ತುಟಿ ಒರೆಸಿದರು. ಅತ್ತೆ ಆ ಹತ್ತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು. "ಅಷ್ಟೊಂದು ಕುಡಿಯುವಾಗ ಬೇಡ ಅನಿಸ್ತಿತ್ತು ಕಣೇ. ಈಗ ನಿಜವಾಗಿ ಬೇಕು ಅನಿಸ್ತಿದೆ," ಎಂದರು. ನಾನು ಅವರ ಕೈ ಹಿಡಿದು ನಿಂತೆ.

ಸೋಡಿಯಂ ನಿಧಾನಕ್ಕೆ ಏರಿತು. ಮನೆಗೆ ಹೋಗಬಹುದೆಂದು ಆಸೆಪಟ್ಟೆವು. ಅಷ್ಟರಲ್ಲಿ ಜ್ವರ ಬಂತು. ಬಿದ್ದ ದಿನ ಶ್ವಾಸಕೋಶಕ್ಕೆ ಇಳಿದಿದ್ದ ವಾಂತಿ ನ್ಯುಮೋನಿಯಾ ಆಗಿ ತಿರುಗಿತ್ತು. ಉಸಿರಾಟದ ಯಂತ್ರಕ್ಕೆ ಹಾಕಿದರು. ಆಮೇಲೆ ಅವರು ಮಾತಾಡಲೇ ಇಲ್ಲ. ಆ ವಾರವೇ, ಮಧ್ಯಾಹ್ನದ ಹೊತ್ತು, ಹೋಗಿಬಿಟ್ಟರು.

ಟೀಚರಮ್ಮ ಮನೆಗೆ ಬಂದರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಕೂತು ಕಣ್ಣೊರೆಸಿಕೊಂಡು, "ಇನ್ನೂ ಸ್ವಲ್ಪ ಮೊದಲೇ ನೀರು ಶುರು ಮಾಡಿದ್ದಿದ್ರೆ ಉಳೀತಿದ್ರೇನೋ," ಎಂದರು. ನನ್ನ ಗಂಡ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೇಳಬೇಕಾದ್ದು ನನ್ನ ಪಾಲಿಗೇ ಬಂತು. ಏನಾಯಿತೆಂದು ಮೊದಲಿಂದ ಹೇಳಿದೆ. ಅವರ ಮುಖದ ರಕ್ತ ಇಳಿಯಿತು.

"ಹಾಗಾದ್ರೆ ಎಷ್ಟು ಕುಡಿಯಬೇಕಮ್ಮಾ?" ಎಂದರು, ಮಗುವಿನ ದನಿಯಲ್ಲಿ.

ಡಾಕ್ಟರಮ್ಮ ನಮಗೆ ಹೇಳಿದ್ದನ್ನೇ ಹೇಳಿದೆ. ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಬಾಯಾರಿದಾಗ, ಊಟದ ಜೊತೆ ಕುಡಿದರೆ ಸಾಮಾನ್ಯರಿಗೆ ಸಾಕು; ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ ಎರಡು ಲೀಟರಿನ ಆಸುಪಾಸು. ಬಿಸಿಲಲ್ಲಿ ದುಡಿಯುವವರಿಗೆ, ವಾಂತಿ ಭೇದಿ ಆದವರಿಗೆ ಜಾಸ್ತಿ ಬೇಕು, ಜೊತೆಗೆ ಉಪ್ಪೂ ಬೇಕು. ಕಿಡ್ನಿ ಕಲ್ಲು ಇದ್ದವರಿಗೆ ಡಾಕ್ಟರೇ ಹೆಚ್ಚು ಕುಡಿಯಿರಿ ಅನ್ನಬಹುದು, ಹೃದಯದ ತೊಂದರೆಯವರಿಗೆ ಕಮ್ಮಿ ಮಾಡಿ ಅನ್ನಬಹುದು. ವಯಸ್ಸಾದವರಿಗೆ ಬಾಯಾರಿಕೆ ಮಂದ, ಅದಕ್ಕೆ ಆಗಾಗ ನೆನಪು ಮಾಡಬೇಕು, ಬಲವಂತ ಮಾಡಬಾರದು. ಮೂತ್ರ ತಿಳಿಹಳದಿ ಇದ್ದರೆ ಸರಿಯಾಗಿದೆ ಎಂದೇ ಅರ್ಥ. ಕಡು ಕಂದು, ಕೆಂಪು ಕಂಡರೆ ಡಾಕ್ಟರ ಹತ್ತಿರ ಹೋಗಬೇಕು.

"ನಾನೂ ಅದೇ ಬಿ.ಪಿ. ಮಾತ್ರೆ ತಗೋತೀನಿ, ನೀರೂ ಅಷ್ಟೇ ಕುಡೀತೀನಿ," ಎಂದರು ಅವರು.

ಅವರ ಮೇಲೆ ನನಗೆ ಸಿಟ್ಟಿತ್ತು. ಆದರೂ ಆ ಸಂಜೆಯೇ ಅವರನ್ನು ಆಟೋದಲ್ಲಿ ಲ್ಯಾಬಿಗೆ ಕರೆದುಕೊಂಡು ಹೋದೆ. ಅವರ ಸೋಡಿಯಂ ಕೂಡ ಇಳಿದಿತ್ತು. ಅಪಾಯಕ್ಕೆ ಇನ್ನೂ ದೂರ ಇತ್ತು. ಡಾಕ್ಟರು ಮಾತ್ರೆ ಬದಲಿಸಿದರು. ಅವರು ಉಳಿದರು. ಅದಾದ ಮೇಲೆ ಕೆರೆಯ ಕಡೆ ಬರುವುದನ್ನು ನಿಲ್ಲಿಸಿದರು. ಬಜಾರಿನಲ್ಲಿ ಎದುರಾದರೆ ನನ್ನ ಕೈ ಹಿಡಿದು ನಿಲ್ಲುತ್ತಾರೆ, ಆಮೇಲೆ ತಮ್ಮ ದಾರಿ ಹಿಡಿದು ಹೋಗುತ್ತಾರೆ.