ನಯಾಜ್ ಬರೆದ ಮಹೇಶ

ಕೋವಿಡ್ಡಿನ ಕಾಟ ಮುಗಿದು ಛತ್ರಗಳೆಲ್ಲ ಮತ್ತೆ ತುಂಬತೊಡಗಿದ್ದ ವರ್ಷ ಅದು. ತುಮಕೂರಿನಲ್ಲಿ ನಾನು ವಧು-ವರರ ಮಾಹಿತಿ ಕೇಂದ್ರ ತೆರೆದು ಹದಿನೈದು ವರ್ಷ ದಾಟಿತ್ತು. ಮೊದಲೆಲ್ಲ ಫೋಟೋ, ಜಾತಕ, ಫೈಲು ಇಷ್ಟೇ ನಮ್ಮ ಬಂಡವಾಳ. ಆ ಹೊತ್ತಿಗೆ ಎಲ್ಲವೂ ಆ್ಯಪಿಗೆ ಬಂದಿತ್ತು. ಜನರೇ ಮನೆಯಲ್ಲಿ ಕೂತು ಪ್ರೊಫೈಲ್ ಬರೆದುಕೊಳ್ಳುತ್ತಿದ್ದರು, ನಾವು ಪರಿಶೀಲಿಸಿ ಬಿಡುಗಡೆ ಮಾಡುತ್ತಿದ್ದೆವು. ಕೆಲಸ ಹಗುರವಾಯಿತು ಅಂದುಕೊಂಡಿದ್ದೆ. ಮನುಷ್ಯರು ತಮ್ಮ ಬಗ್ಗೆ ತಾವೇ ಬರೆಯುವುದು ಎಷ್ಟು ಕಷ್ಟ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಈ ಪ್ರೊಫೈಲ್ ಅನ್ನುವುದು ಹೇಗೆ ನಡೆಯುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ಮೊಬೈಲ್ ನಂಬರ್ ಕೊಟ್ಟರೆ ಒಟಿಪಿ ಬರುತ್ತದೆ, ಅದನ್ನು ಹಾಕಿದರೆ ಖಾತೆ ತೆರೆಯುತ್ತದೆ. ಮೊದಲ ಪ್ರಶ್ನೆಯೇ 'ಪ್ರೊಫೈಲ್ ಮಾಡುತ್ತಿರುವವರು ಯಾರು' ಎಂದು. ಸ್ವತಃ, ತಂದೆ-ತಾಯಿ, ಒಡಹುಟ್ಟಿದವರು, ಸ್ನೇಹಿತರು, ಇದರಲ್ಲಿ ಒಂದನ್ನು ಒತ್ತಬೇಕು. ಆಮೇಲೆ ವಯಸ್ಸು, ಎತ್ತರ, ಓದು, ಕೆಲಸ, ಊಟದ ಪದ್ಧತಿ, ಹವ್ಯಾಸ. ಇವೆಲ್ಲ ಆರಿಸಿಕೊಳ್ಳುವಂಥವು. ಕೊನೆಗೆ 'ನನ್ನ ಬಗ್ಗೆ' ಎಂಬ ಖಾಲಿ ಜಾಗ. ನಮ್ಮ ಆಫೀಸಿನ ಹುಡುಗಿ ರೇಖಾ ಫೋನು ಮಾಡಿ ಹೆಸರು, ಹುಟ್ಟಿದ ದಿನ, ಕೆಲಸ ಕೇಳಿ ಆಧಾರ್ ಜೊತೆ ಹೋಲಿಸುತ್ತಾಳೆ. ಖಾಲಿ ಜಾಗದಲ್ಲಿ ಬರೆದದ್ದನ್ನು ಮಾತ್ರ ಯಾರೂ ಪರೀಕ್ಷಿಸಲಾರರು. ಅಲ್ಲಿ ಯಾರಾದರೂ ಫೋನ್ ನಂಬರ್ ತುರುಕಿದ್ದಾರೆಯೇ, ಅಸಭ್ಯ ಮಾತು ಇದೆಯೇ ಎಂದಷ್ಟೇ ನೋಡಿ ಬಿಡುತ್ತೇವೆ. ಒಬ್ಬ ಮನುಷ್ಯ ನಿಜಕ್ಕೂ ಹಾಸ್ಯಪ್ರಿಯನೋ ಅಲ್ಲವೋ ಎಂದು ಆಧಾರ್ ಕಾರ್ಡ್ ಹೇಳುವುದಿಲ್ಲವಲ್ಲ.

ಮಹೇಶ ಗುಬ್ಬಿಯವನು. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ಪಾಸು-ಫೇಲು ಮಾಡುವ ಇನ್‌ಸ್ಪೆಕ್ಷನ್ ಕೆಲಸ. ಮೂವತ್ತೆರಡು ವಯಸ್ಸು, ಲಕ್ಷಣವಾದ ಮುಖ. ಆದರೆ ಬಾಯಿ ತೆರೆಸಬೇಕಾದರೆ ಏಳು ಕೆರೆಯ ನೀರು ಕುಡಿಯಬೇಕು. ಅವನ ಅಕ್ಕ ಕರೆತಂದು ನೋಂದಾಯಿಸಿದಾಗ 'ನನ್ನ ಬಗ್ಗೆ' ಜಾಗವನ್ನು ಮನೆಯಲ್ಲಿ ತುಂಬುತ್ತೇನೆ ಎಂದು ಹೋದವನು ತಿಂಗಳುಗಟ್ಟಲೆ ತುಂಬಲಿಲ್ಲ. ಅದು ತುಂಬದೆ ನಾವು ಪ್ರೊಫೈಲ್ ಬಿಡುಗಡೆ ಮಾಡುವುದಿಲ್ಲ. ರೇಖಾ ಫೋನು ಮಾಡಿದಾಗಲೆಲ್ಲ "ಬರೀತೀನಿ ಮೇಡಂ" ಎನ್ನುತ್ತಿದ್ದ.

ಒಂದು ದಿನ ಇದ್ದಕ್ಕಿದ್ದ ಹಾಗೆ ಪ್ರೊಫೈಲ್ ತುಂಬಿ ಬಂತು. 'ನಾನು ಮಾತುಗಾರ. ನಾನಿದ್ದ ಕಡೆ ನಗು ಗ್ಯಾರಂಟಿ. ಚೆನ್ನಾಗಿ ಹಾಡುತ್ತೇನೆ. ಬೈಕ್ ಹತ್ತಿದರೆ ಊರೂರು ಸುತ್ತುವುದೇ ಖುಷಿ.' ಫೋಟೋದಲ್ಲಿ ಯಾರದೋ ಮದುವೆಯಲ್ಲಿ ಬಾಯ್ತುಂಬ ನಗುತ್ತಿದ್ದಾನೆ. ಬರೆದವರು: ಸ್ವತಃ. ಕೆಲವರು ಎದುರಿಗೆ ನಾಚಿದರೂ ಬರೆಯುವಾಗ ಅರಳುತ್ತಾರೆ ಎಂದುಕೊಂಡು ಒಪ್ಪಿಗೆ ಕೊಟ್ಟೆವು.

ಬರೆದವನು ನಯಾಜ್. ಗುಬ್ಬಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಅವನು ಮಹೇಶನಿಗೆ ಹೈಸ್ಕೂಲಿನಿಂದ ಜೀವದ ಗೆಳೆಯ. ಅಂಗಡಿಯಲ್ಲಿ ಕೂತು ಮಹೇಶನ ಫೋನಿಗೆ ಬಂದ ಒಟಿಪಿ ಹಾಕಿ ಒಂದೇ ಉಸಿರಿಗೆ ಬರೆದು ಮುಗಿಸಿದ್ದ. ಓದಿ ನೋಡು ಎಂದರೆ ಮಹೇಶ ಮೊದಲ ಸಾಲಿಗೇ ಕಿವಿ ಕೆಂಪಾಗಿಸಿಕೊಂಡು ಫೋನು ಜೇಬಿಗಿಟ್ಟ. ತನ್ನ ಹೊಗಳಿಕೆ ಓದುವಷ್ಟೂ ಧೈರ್ಯ ಅವನಿಗಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಪವಿತ್ರಾ ಅಮೃತೂರಿನವಳು, ಕುಣಿಗಲ್ಲಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ತನ್ನ ಪ್ರೊಫೈಲ್ ತಾನೇ ಬರೆದಿದ್ದಳು. 'ರಕ್ತ ತೆಗೆಯುವಾಗ ಮಕ್ಕಳಿಗೆ ಕಥೆ ಹೇಳುತ್ತೇನೆ. ಕಥೆ ಮುಗಿಯುವುದರೊಳಗೆ ಸೂಜಿ ಹೊರಗಿರುತ್ತದೆ.' ಮಹೇಶ ತನ್ನದನ್ನು ಓದಲಿಲ್ಲವೇ ಹೊರತು ಇದನ್ನು ಎಷ್ಟು ಸಲ ಓದಿದನೋ. ಎಷ್ಟೋ ಹುಡುಗಿಯರ ಪ್ರೊಫೈಲ್ ನೋಡಿದ್ದರೂ ಅವನು 'ಆಸಕ್ತಿ ಇದೆ' ಎಂಬ ಗುಂಡಿ ಒತ್ತಿದ್ದು ಅವಳೊಬ್ಬಳಿಗೇ. ಅವಳೂ ಒಪ್ಪಿದಳು. ಇಬ್ಬರೂ ಒಪ್ಪಿದ ಮೇಲೆಯೇ ನಮ್ಮಲ್ಲಿ ಫೋನ್ ನಂಬರ್ ತೆರೆದುಕೊಳ್ಳುವುದು. ಮನೆಯವರು ಮಾತಾಡಿ, ಮೊದಲ ಭೇಟಿ ಹೊರಗಡೆಯೇ ಆಗಲಿ ಎಂದು ಕ್ಯಾತ್ಸಂದ್ರದ ಒಂದು ಹೋಟೆಲಿನಲ್ಲಿ ಗೊತ್ತುಮಾಡಿದರು. ಪವಿತ್ರಾಳ ತಾಯಿ ಕೇಳಿಕೊಂಡಿದ್ದರಿಂದ ನಾನೂ ಹೋದೆ.

ಹುಡುಗಿಯ ಕಡೆಯಿಂದ ತಾಯಿ, ಸೋದರಮಾವ. ಹುಡುಗನ ಕಡೆಯಿಂದ ಅಕ್ಕ. ತಟ್ಟೆ ಇಡ್ಲಿ ಬಂತು. ಮಹೇಶ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಪವಿತ್ರಾಳೇ ಶುರು ಮಾಡಿದಳು: ಬೈಕಲ್ಲಿ ದೂರ ಅಂದರೆ ಎಲ್ಲಿಗೆ ಹೋಗಿದ್ದಿರಿ?

"ಹಿರೇಹಳ್ಳಿಗೆ" ಎಂದ.

ಅವಳು ಇದು ತಮಾಷೆ ಎಂದುಕೊಂಡು ನಕ್ಕಳು. ಅವನು ನಗಲಿಲ್ಲ. ಡ್ಯೂಟಿಗೆ ಹೋಗಿಬರುವುದನ್ನು ಬಿಟ್ಟರೆ ಅವನು ಬೈಕ್ ತೆಗೆಯುವುದೇ ಕಡಿಮೆ. ಅವಳು ಇನ್ನೆರಡು ಪ್ರಶ್ನೆ ಕೇಳಿದಳು, ಅವಕ್ಕೂ "ಹೂಂ", "ಇಲ್ಲ" ಅಷ್ಟೇ ಬಂತು. ವಿಭೂತಿ ಧರಿಸಿದ್ದ ಸೋದರಮಾವ ಸನ್ನಿವೇಶ ಹಗುರ ಮಾಡಲು ನೋಡಿದರು. "ಅದ್ಯಾಕಪ್ಪ ಹಿಂಗೆ ಸುಮ್ನೆ ಕುಂತಿದೀಯ? ಚೆನ್ನಾಗಿ ಹಾಡ್ತೀಯಂತಲ್ಲ, ಎಲ್ಲಿ ಒಂದು ಹಾಡು ಹೇಳು ನೋಡನ."

ಮಹೇಶ ಗಾಬರಿಯಿಂದ ಅಕ್ಕನ ಮುಖ ನೋಡಿದ. ಅಕ್ಕ ಅದಕ್ಕಿಂತ ಗಾಬರಿಯಿಂದ ಅವನ ಮುಖ ನೋಡಿದರು. ಕೈ ತೊಳೆದು ಬರುತ್ತೇನೆಂದು ಎದ್ದುಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ನಾನೇ ಹೋಗಿ ನೋಡಿದರೆ ನಲ್ಲಿಯ ಹತ್ತಿರ ಗೋಡೆಗೊರಗಿ ನಿಂತು ಫೋನಿನಲ್ಲಿ ತನ್ನದೇ ಪ್ರೊಫೈಲನ್ನು ಮೊದಲ ಬಾರಿಗೆ ಪೂರ್ತಿ ಓದುತ್ತಿದ್ದ. ಬೆವರು ಇಳಿಯುತ್ತಿತ್ತು. ನನಗೆ ಅಯ್ಯೋ ಅನ್ನಿಸಿತು.

ವಾಪಸು ಬಂದು, ಕೂರದೆ, ನಿಂತೇ ಹೇಳಿದ: "ಇದು ನಾನು ಬರ್ದಿದ್ದಲ್ಲ. ನನ್ ಫ್ರೆಂಡ್ ಬರ್ದಿದ್ದು. ನಂಗೆ ಹಾಡಕ್ಕೆ ಬರಲ್ಲ. ಮಾತೂ ಅಷ್ಟಕ್ಕಷ್ಟೇ."

ಪವಿತ್ರಾಳ ಮುಖ ಬಿಗಿಯಿತು. "ಹಂಗಾದ್ರೆ ನಾನು ಒಪ್ಕಂಡಿದ್ದು ಯಾರನ್ನ?" ಎಂದಳು. ಕಾಫಿ ಬರುವ ಮೊದಲೇ ಅವರು ಎದ್ದರು.

ಮರುದಿನ ಅವಳ ದೂರು ಆ್ಯಪಿನಲ್ಲಿ ಬಂದಿತ್ತು: ಪ್ರೊಫೈಲಿನ ವಿವರ ಸುಳ್ಳು. ದೂರು ಬಂದರೆ ಪ್ರೊಫೈಲನ್ನು ಮರೆಮಾಡುತ್ತೇವೆ. ತಿದ್ದಿ, ಮತ್ತೆ ಪರಿಶೀಲನೆ ಮುಗಿಯುವವರೆಗೆ ಅದು ಯಾರಿಗೂ ಕಾಣುವುದಿಲ್ಲ. ಆದರೆ ಒಂದು ವಿಷಯ ಗಮನಿಸಿದೆ. ಅವಳು ದೂರು ಕೊಟ್ಟಿದ್ದಳು, ಅವನನ್ನು ಬ್ಲಾಕ್ ಮಾಡಿರಲಿಲ್ಲ. ಅದನ್ನು ನಾನು ಮಹೇಶನಿಗೆ ಹೇಳಲಿಲ್ಲ. ಅವನು ಫೋನಿನಲ್ಲಿ "ನನ್ ಹೆಸರು ತೆಗ್ದುಬಿಡಿ ಮೇಡಂ, ಇನ್ಯಾರನ್ನೂ ನೋಡಲ್ಲ" ಎಂದಾಗ ಮಾತ್ರ, ಗೆಳೆಯನನ್ನು ಕರೆದುಕೊಂಡು ಒಮ್ಮೆ ಬಾ, ಆಮೇಲೆ ತೆಗೆಯೋಣ ಎಂದೆ.

ನಯಾಜ್ ಬರುವಾಗಲೇ ವಾದ ಕಟ್ಟಿಕೊಂಡು ಬಂದಿದ್ದ. "ನೂರು ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರಲ್ಲ ಅಕ್ಕ, ನಾನು ನಾಲ್ಕೇ ಹೇಳಿದೀನಿ!"

"ಆ ಗಾದೆ ಮಾಡಿದೋರು ಮದ್ವೆ ಆದ್ಮೇಲೆ ಬರೋ ಫೋನ್ ಎತ್ತಿಲ್ಲ ಕಣಪ್ಪ. ನಾನು ಎತ್ತಿದೀನಿ" ಎಂದೆ.

ಅವನ ಮಾತು ಕೇಳುತ್ತಾ ಕೇಳುತ್ತಾ ನನಗೆ ಗುಟ್ಟು ಹೊಳೆಯಿತು. ಬಂದು ಕೂತ ಸ್ವಲ್ಪ ಹೊತ್ತಿಗೇ ರೇಖಾಳನ್ನು ಎರಡು ಸಲ ನಗಿಸಿದ್ದ. ಹೊರಗೆ ನಿಲ್ಲಿಸಿದ್ದ ಅವನ ಬೈಕಿನ ತುಂಬ ದೂರದೂರದ ಊರಿನ ಸ್ಟಿಕ್ಕರ್. ಮೇಜಿನ ಮೇಲೆ ಬೆರಳಾಡಿಸುತ್ತಾ ಗುನುಗುತ್ತಿದ್ದ, ಕಂಠ ಚೆನ್ನಾಗಿಯೇ ಇತ್ತು. ಪುಣ್ಯಾತ್ಮ ಸುಳ್ಳು ಬರೆದಿರಲಿಲ್ಲ, ತನ್ನನ್ನೇ ಬರೆದುಬಿಟ್ಟಿದ್ದ. ಗೆಳೆಯನಿಗೆ ಒಳ್ಳೆಯದಾಗಲಿ ಎಂದು ತನ್ನಲ್ಲಿದ್ದ ಒಳ್ಳೆಯದನ್ನೆಲ್ಲ ಅವನಿಗೆ ತೊಡಿಸಿದ್ದ. ಅದನ್ನು ನಯಾಜನಿಗೇ ಹೇಳಿದೆ.

ನನ್ನ ಕಂಪ್ಯೂಟರಿನ ಮುಂದೆ ಅವನನ್ನೇ ಕೂರಿಸಿದೆ. ಒಂದೇ ಷರತ್ತು: ಮಾತುಗಾರ, ಒಳ್ಳೆಯವನು, ಸರಳ ಇಂಥ ಪದ ಯಾವುದೂ ಬೇಡ. ಇವನು ಮಾಡಿದ್ದನ್ನು ನೀನು ಕಣ್ಣಾರೆ ನೋಡಿದ್ದರೆ ಅದನ್ನು ಮಾತ್ರ ಬರಿ. ಬರೆದವರು ಯಾರು ಎನ್ನುವಲ್ಲಿ 'ಸ್ನೇಹಿತರು' ಎಂದು ಒತ್ತು. ನಯಾಜ್ ತಲೆ ಕೆರೆದುಕೊಂಡು ಬಹಳ ಹೊತ್ತು ಬರೆದ.

'ಮಹೇಶ ನನ್ನ ಸ್ನೇಹಿತ. ಹೊಸಬರ ಮುಂದೆ ಮಾತಾಡುವುದಿಲ್ಲ. ಹಾಡಲು ಬರುವುದಿಲ್ಲ, ನಾನು ಹಾಡಿದರೆ ಕೂತು ಕೇಳುತ್ತಾನೆ. ಕೋಪ ಬಂದರೆ ಬೈಯುವುದಿಲ್ಲ, ಊಟ ಬಿಡುತ್ತಾನೆ. ನನ್ನ ಅಂಗಡಿಗೆ ಮಳೆನೀರು ನುಗ್ಗಿದಾಗ ಡ್ಯೂಟಿ ಮುಗಿಸಿ ಬಂದು ಇಡೀ ರಾತ್ರಿ ನೀರು ಎತ್ತಿ ಹಾಕಿದ. ನಮ್ಮ ಅಮ್ಮಿಯನ್ನು ತುಮಕೂರಿನ ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋಗಿಬರುತ್ತಾನೆ. ನನ್ನ ಹತ್ತಿರ ಹೇಳುವುದಕ್ಕಿಂತ ಹೆಚ್ಚು ಅಮ್ಮಿ ಅವನ ಹತ್ತಿರ ಹೇಳಿಕೊಳ್ಳುತ್ತಾರೆ.'

ಫೋಟೋವನ್ನೂ ಬದಲಾಯಿಸಿದೆವು. ಕಾರ್ಖಾನೆಯ ಬಟ್ಟೆಯಲ್ಲಿ ನಗದೆ ನಿಂತಿದ್ದ ಒಂದು ಸಿಕ್ಕಿತು. ಪರಿಶೀಲನೆ ಮುಗಿಸಿ ತೆರೆದೆ. ಪ್ರೊಫೈಲ್ ಬದಲಾದರೆ ಒಪ್ಪಿಕೊಂಡಿದ್ದವರಿಗೆ ತಾನಾಗಿ ಸೂಚನೆ ಹೋಗುತ್ತದೆ. ಅದಕ್ಕಿಂತ ಮುಂದೆ ನಾನು ಒಂದು ಹೆಜ್ಜೆಯೂ ಇಡಲಿಲ್ಲ. ಒಲ್ಲೆ ಎಂದವರಿಗೆ ಎರಡನೇ ಸಲ ಫೋನು ಮಾಡಿ ಪೀಡಿಸುವುದು ನಮ್ಮ ಕಸುಬಿನಲ್ಲಿ ಬಹಳ ಕೆಟ್ಟ ಅಭ್ಯಾಸ.

ಒಂದು ವಾರ ಏನೂ ಇಲ್ಲ. ಆಮೇಲೆ ಪವಿತ್ರಾಳೇ ಫೋನು ಮಾಡಿದಳು. "ಮೇಡಂ, ಇನ್ನೊಂದ್ಸಲ ನೋಡ್ತೀನಿ. ಆದ್ರೆ ಬರ್ದೋರೂ ಬರ್ಬೇಕು."

ಈ ಸಲ ನನ್ನ ಆಫೀಸಿನಲ್ಲೇ ಸೇರಿದರು. ಪವಿತ್ರಾ ಫೋನು ತೆಗೆದು ಮಹೇಶನ ಮುಂದಿಟ್ಟಳು. "ಈ ಸಲನಾದ್ರೂ ಓದಿದೀರಾ?"

"ಓದಿದೀನಿ."

"ಇದ್ರಲ್ಲಿ ಸುಳ್ಳು ಯಾವ್ದಿದೆ?"

ನಯಾಜ್ "ಅಯ್ಯೋ ಒಂದೂ ಇಲ್ಲ" ಎಂದು ಬಾಯಿ ಹಾಕುವಷ್ಟರಲ್ಲಿ ಮಹೇಶ ಫೋನು ಕೈಗೆತ್ತಿಕೊಂಡ. ಕಾರ್ಖಾನೆಯಲ್ಲಿ ಬಿಡಿಭಾಗ ಅಳೆಯುವವನ ಹಾಗೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕೆಳಗಿಳಿದ. ಒಂದು ಕಡೆ ಬೆರಳು ನಿಂತಿತು.

"ಇಡೀ ರಾತ್ರಿ ನೀರು ಎತ್ತಿ ಹಾಕಿದ ಅಂತಿದೆ. ಅದು ತಪ್ಪು. ಮಧ್ಯದಲ್ಲಿ ನಿದ್ದೆ ಬಂದ್ಬುಡ್ತು. ಟೇಬಲ್ ಮೇಲೆ ಹತ್ತಿ ಮಲಗ್ಬುಟ್ಟೆ. ಬೆಳಗ್ಗೆ ಎದ್ದು ನೋಡಿದ್ರೆ ಇವನೇ ಎಲ್ಲಾ ಖಾಲಿ ಮಾಡಿದ್ದ."

"ಥೂ ನಿನ್ನ! ಅದನ್ನ ಯಾಕ್ಲಾ ಹೇಳ್ದೆ?" ಎಂದು ನಯಾಜ್ ತಲೆ ಚಚ್ಚಿಕೊಂಡ. ಪವಿತ್ರಾ ನಗತೊಡಗಿದಳು. ನಿಲ್ಲಿಸಲು ನೋಡಿದಷ್ಟೂ ನಗು ಹೆಚ್ಚಾಗಿ ಕಣ್ಣಲ್ಲಿ ನೀರು ಬಂತು. ಮಹೇಶನೂ ನಕ್ಕ. ಮದುವೆಮನೆಯ ಫೋಟೋದಲ್ಲಿದ್ದ ನಗುವೇನೂ ಸುಳ್ಳಾಗಿರಲಿಲ್ಲ ಎಂದು ಅವತ್ತು ಗೊತ್ತಾಯಿತು. ನಾನು ನಯಾಜನನ್ನು ಟೀ ನೆಪದಲ್ಲಿ ಹೊರಗೆ ಎಳೆದುಕೊಂಡು ಹೋದೆ. ಒಳಗೆ ಅವರಿಬ್ಬರ ದನಿ, ಹೆಚ್ಚಾಗಿ ಅವಳದು, ನಡುವೆ ಅವನದೂ ಕೇಳಿಸುತ್ತಿತ್ತು. ಆರು ತಿಂಗಳಿಗೆ ಕುಣಿಗಲ್ಲಿನಲ್ಲಿ ಮದುವೆಯಾಯಿತು. ನಯಾಜ್ ಹಾಡಿದ.

ಅಂದಿನಿಂದ ನಾಚಿಕೆಯವರು ಯಾರೇ ಬರಲಿ, ಸ್ನೇಹಿತರ ಕೈಲೇ ಬರೆಸಿ ಎನ್ನುತ್ತೇನೆ. ಆದರೆ ಬರೆಸಿಕೊಂಡವರು ನನ್ನೆದುರು ಕೂತು ಜೋರಾಗಿ ಓದಿ ತಿದ್ದಬೇಕು. ಹೊಗಳಿಕೆಯಲ್ಲಿ ಮನುಷ್ಯ ಕಾಣುವುದಿಲ್ಲ. ಆ ಹೊಗಳಿಕೆಯಲ್ಲಿ ಯಾವುದನ್ನು 'ಇದು ನನ್ನದಲ್ಲ' ಎಂದು ತೆಗೆದು ಪಕ್ಕಕ್ಕಿಡುತ್ತಾನೋ ಅಲ್ಲಿ ಕಾಣುತ್ತಾನೆ. ಈ ಕೆಲಸ ನನಗೆ ಕಲಿಸಿದ್ದು ಇದನ್ನು.

ಕಳೆದ ಯುಗಾದಿಗೆ ಇಬ್ಬರೂ ಒಬ್ಬಟ್ಟು ತಂದುಕೊಟ್ಟರು. ಹೇಗಿದ್ದೀರಿ ಎಂದೆ.

"ಚೆನ್ನಾಗಿದೀವಿ ಮೇಡಂ" ಎಂದ ಮಹೇಶ. ಅಲ್ಲಿಗೆ ಅವನ ಮಾತು ಮುಗಿಯಿತು.

ಅವನು ಬೈಕ್ ತಿರುಗಿಸಲು ಹೋದಾಗ ಪವಿತ್ರಾ ನನ್ನ ಕಿವಿಯ ಹತ್ತಿರ ಬಂದಳು. "ನಂಬಬೇಡಿ ಮೇಡಂ. ಮನೇಲಿ ಬಾಯಿ ಬುಡಕ್ಕೆ ನಂಗೇ ಜಾಗ ಇರಲ್ಲ. ಫ್ಯಾಕ್ಟ್ರೀಲಿ ಯಾರ್ ಏನಂದ್ರು, ಅಮ್ಮಿ ಏನಂದ್ರು, ಎಲ್ಲಾ ಹೇಳಿ ಮುಗ್ಸೋ ತಂಕ ಮಲಗಲ್ಲ."

ನನಗೂ ಆ ಮಾತು ಕೇಳುವ ಆಸೆಯಾಯಿತು. ಆದರೆ ಅದು ಅವಳೊಬ್ಬಳಿಗೇ ಎಂದು ಅವನು ಎತ್ತಿಟ್ಟದ್ದು.