ಸೂತಕ ಹೇಳಿ ನಿಲ್ಲಿಸಿದ ಕ್ಯಾರಿಯರ್

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಬರೆಯದೆ ಎದ್ದಿದ್ದೇನೆ. ದೊಡ್ಡ ಅಪರಾಧವೇನಲ್ಲ ಎಂದು ನನಗೆ ನಾನೇ ಹೇಳಿಕೊಂಡು ಕಾಲ ಕಳೆದೆ.

ಹೆಂಡತಿ ತೀರಿಕೊಂಡ ಮೇಲೆ ನಾನು ಶಿಕಾರಿಪುರದ ಒಂದು ಮಂಡಿಯಲ್ಲಿ ಲೆಕ್ಕ ಬರೆದುಕೊಂಡು, ವಠಾರದ ಬಾಡಿಗೆ ಕೋಣೆಯಲ್ಲಿದ್ದೆ. ನನಗೂ ವಠಾರದ ಹುಡುಗರಿಗೂ ಹಿಂದಿನ ಬೀದಿಯ ಒಬ್ಬ ಹೆಣ್ಣುಮಗಳ ಮನೆಯಿಂದ ಎರಡು ಹೊತ್ತೂ ಊಟದ ಕ್ಯಾರಿಯರ್ ಬರುತ್ತಿತ್ತು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದೆವು. ತಿಂಗಳ ಮೊದಲಿಗೇ ಅಡ್ವಾನ್ಸ್ ಕೊಡಬೇಕು. ಆ ದುಡ್ಡಿನಲ್ಲೇ ಅವರು ಇಡೀ ತಿಂಗಳ ಅಕ್ಕಿ, ಬೇಳೆ, ಎಣ್ಣೆ ತರುತ್ತಿದ್ದರು. ಹಾಗಾಗಿ ನಡುವೆ ಬಿಟ್ಟರೆ ದುಡ್ಡು ವಾಪಸ್ಸಿಲ್ಲ. ಉಳಿದ ಊಟವನ್ನು ಮುಂದಿನ ತಿಂಗಳಿಗೆ ಹಿಡಿದುಕೊಳ್ಳುತ್ತಿದ್ದರು. ಸೇರುವಾಗಲೇ ಇದನ್ನು ಹೇಳಿದ್ದರು.

ಒಂದು ತಿಂಗಳ ನಡುವೆ ಅವರ ಗಂಡ ತೀರಿಕೊಂಡರು. ಮೂರನೇ ದಿನ ಅಕ್ಕ ಮತ್ತೆ ಒಲೆ ಹಚ್ಚಿದರು. ಅವರ ಕಡೆ ಸೂತಕ ಹಿಡಿಯುವುದಿಲ್ಲ. ನಮ್ಮ ಮನೆತನದಲ್ಲಿ ಹಿಡಿಯುತ್ತಾರೆ, ಸಾವಾದ ಮನೆಯ ಅನ್ನ ಮುಟ್ಟುವುದಿಲ್ಲ. ಆದರೆ ನಾನು ಅದನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಗಿತ್ತು. ನಿಜ ಏನೆಂದರೆ, ಬಸ್ ನಿಲ್ದಾಣದ ಹತ್ತಿರ ಹೊಸ ಮೆಸ್ ತೆರೆದಿತ್ತು. ದರ ಕಡಿಮೆ, ದಿನಾ ಎರಡು ಪಲ್ಯ. ನನ್ನ ಅಡ್ವಾನ್ಸ್ ಮಾತ್ರ ಅಕ್ಕನ ಹತ್ತಿರ ಸಿಕ್ಕಿಕೊಂಡಿತ್ತು.

ಅಕ್ಕನ ಜಗಲಿಯಲ್ಲಿ ನಿಂತು ಹೇಳಿದೆ: "ಅಕ್ಕಾ, ನಮ್ಮ ಕಡೆ ಸೂತಕ ನೋಡ್ತಾರೆ. ಇನ್ಮೇಲೆ ಕ್ಯಾರಿಯರ್ ಬೇಡ."

"ಮುಂದಿನ ತಿಂಗಳಿಗೆ ಹಿಡ್ಕೊಳ್ಲಾ, ಯಜಮಾನ್ರೇ?"

"ಬೇಡ. ಉಳಿದಿದ್ದು ಕೊಟ್ಬಿಡಿ."

"ಸಾಮಾನು ತಂದಾಗೈತ್ರೀ," ಎಂದರು ಮೆಲ್ಲಗೆ. ಒಳಗಿಂದ ದುಡ್ಡು ತಂದು, "ಇರ್ಲಿ ಬಿಡ್ರೀ. ನಿಮ್ಮ ಆಚಾರ ಕೆಡ್ಸೋದು ಬ್ಯಾಡ," ಎಂದು, ಉಂಡ ದಿನಗಳದ್ದನ್ನು ಕಳೆದು ಉಳಿದದ್ದನ್ನು ಕೈಗಿಟ್ಟರು. ಸೂತಕ ಎಂದರೆ ಅವರು ಎದುರಾಡುವುದಿಲ್ಲವೆಂದು ನನಗೆ ಗೊತ್ತಿತ್ತು. ಅದನ್ನೇ ನಂಬಿ ಹೋಗಿದ್ದೆ.

ವಿಷಯ ತಿಳಿದು ವಠಾರದ ಹುಡುಗನೊಬ್ಬ ನಕ್ಕ. "ಮೊನ್ನೆ ಎಗ್ ರೈಸ್ ತಿನ್ನೋವಾಗ ಈ ಆಚಾರ ಎಲ್ಲಿ ಹೋಗಿತ್ತು, ಯಜಮಾನ್ರೇ?" ನಕ್ಕವನೇ ಮರುದಿನ ಅಕ್ಕನ ಬಾಗಿಲಿಗೆ ಹೋಗಿ, "ಅವ್ರಿಗೆ ದುಡ್ಡು ಕೊಟ್ಟೀರಿ, ನಮಗೂ ಕೊಡ್ರೀ," ಎಂದು ಕೇಳಿದ. ಅವನ ಹಿಂದೆ ಉಳಿದವರೂ ಹೋದರು. ಒಬ್ಬನಿಗೆ ಕೊಟ್ಟಮೇಲೆ ಇನ್ನೊಬ್ಬನಿಗೆ ಇಲ್ಲವೆನ್ನಲು ಅಕ್ಕನಿಗೆ ಆಗಲಿಲ್ಲ. ತಂದಿದ್ದ ಅಕ್ಕಿಯನ್ನು ಅಂಗಡಿಯವನಿಗೇ ಕಮ್ಮಿ ಬೆಲೆಗೆ ತಿರುಗಿ ಕೊಟ್ಟು ಎಲ್ಲರ ಅಡ್ವಾನ್ಸ್ ತೀರಿಸಿದರಂತೆ. ತಿಂಗಳು ತುಂಬುವ ಮೊದಲೇ ಆ ಒಲೆ ಆರಿತು. ಆಮೇಲೆ ಮನೆಯೂ ಖಾಲಿಯಾಯಿತು.

ಹೋದ ವರ್ಷ ಸೊರಬದಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಅಡುಗೆಯವರ ಜೊತೆ ಕೂಲಿಗೆ ಬಂದ ಹೆಂಗಸೊಬ್ಬರು ಸಾರಿನ ಬಕೆಟ್ ಹಿಡಿದು ನನ್ನ ಎಲೆಯ ಮುಂದೆ ನಿಂತರು. ಅಕ್ಕನೇ.

"ನಮ್ಮ ಕೈಲಿ ಬಡ್ಸಿದ್ದು ಆಗ್ತೈತೇನ್ರೀ ನಿಮಗೆ?" ಎಂದರು.

ಚುಚ್ಚಲು ಆಡಿದ ಮಾತಲ್ಲ. ಬೇಡವೆಂದರೆ ಬೇರೆಯವರನ್ನು ಕರೆಯಲು ಆಗಲೇ ಅತ್ತಿತ್ತ ನೋಡುತ್ತಿದ್ದರು.

"ಹಾಕಿ," ಎಂದೆ. ಸೂತಕದ ಮಾತು ಸುಳ್ಳಾಗಿತ್ತು ಎನ್ನಲು ಬಾಯಿ ಬರಲಿಲ್ಲ. ತಮ್ಮ ಮನೆಯ ಸಾವು ನನಗೆ ಮೈಲಿಗೆಯಾಯಿತೆಂದು ಅವರು ಇವತ್ತಿಗೂ ನಂಬಿದ್ದಾರೆ. ನಾನು ಕ್ಷಮೆ ಕೇಳದೆ ಉಳಿದದ್ದು ಅವರಲ್ಲಿ, ಶಿಕಾರಿಪುರದಲ್ಲಿ ನನಗೆ ಬುತ್ತಿ ಕಟ್ಟಿ ಕಳಿಸುತ್ತಿದ್ದ ಆ ಅಕ್ಕನಲ್ಲಿ.