ಹಳೆಯ ಪುಸ್ತಕದ ಗೆರೆ

ದೇವದುರ್ಗದಲ್ಲಿರುವ ನನ್ನ ತಂಗಿಯ ಮಗಳಿಗೆ ಆಗ ಎಂಟು ತಿಂಗಳು. ಎದೆಹಾಲಿನ ಜೊತೆ ಮೆತ್ತಗೆ ಬೇಯಿಸಿದ ಅನ್ನ, ಬೇಳೆ ತಿನ್ನುತ್ತಿದ್ದಳು. ನಾನು ಗೃಹವಿಜ್ಞಾನ ಓದಿ ಮಾನ್ವಿಯಲ್ಲಿ ಪಾಠ ಹೇಳುವವಳು. ಅಂಗನವಾಡಿಯಲ್ಲಿ ತಿಂಗಳು ತಿಂಗಳು ಬರೆದಿದ್ದ ತೂಕಗಳನ್ನು ನನ್ನ ಕಾಲೇಜು ಪುಸ್ತಕದಲ್ಲಿದ್ದ ಮಕ್ಕಳ ಬೆಳವಣಿಗೆಯ ನಕ್ಷೆಯ ಮೇಲೆ ಪೆನ್ಸಿಲಿನಿಂದ ಗುರುತಿಸಿದೆ. ಮೂರನೇ ತಿಂಗಳಲ್ಲಿ ಸರಾಸರಿ ತೂಕದ ನಡುಗೆರೆಗಿಂತ ಮೇಲಿದ್ದ ಮಗು ಈಗ ಅದರ ಕೆಳಗಿತ್ತು.

"ನಿನ್ನ ಹಾಲು ಸಾಲವಲ್ದು," ಎಂದೆ ತಂಗಿಗೆ.

ಮನೆಗೆ ಬಂದಿದ್ದ ಅಂಗನವಾಡಿ ಟೀಚರ್, ಮಗುವಿನ ತೂಕ ಗುರುತಿಸುವ ತಾಯಿ ಕಾರ್ಡನ್ನು ಬಿಡಿಸಿ ತೋರಿಸಿದರು. "ನಮ್ಮ ಕಾರ್ಡಿನಾಗ ಗೆರಿ ಹಿಡಕೊಂಡೇ ಹೊಂಟಾಳ್ರೀ."

"ಕಾರ್ಡ್ ತೋರಿಸಿದ್ರ ಹೊಟ್ಟಿ ತುಂಬತದೇನ್ರೀ?" ಎಂದೆ ನಾನು.

"ನಿಮ್ಮ ಪುಸ್ತಕ ತೋರಿಸಿದ್ರೂ ತುಂಬಂಗಿಲ್ರೀ," ಎಂದು ಅವರು ಎದ್ದು ಹೋದರು.

ಮಾನ್ವಿಯಿಂದ ಹಾಲಿನ ಪುಡಿಯ ಡಬ್ಬಿ, ಬಾಟಲಿ ತಂದುಕೊಟ್ಟವಳು ನಾನೇ. ಬಾಟಲಿ ಹಿಡಿದ ಮೇಲೆ ಮಗು ಎದೆಗೆ ಬಾಯಿ ಹಾಕುವುದು ಕಡಿಮೆಯಾಯಿತು. ಡ್ರಮ್ಮಿನ ನೀರು, ಬಿಸಿಲಲ್ಲಿ ಅರ್ಧ ಉಳಿದ ಹಾಲು, ಸರಿಯಾಗಿ ಕುದಿಸದ ನಿಪ್ಪಲ್ಲು. ಎರಡನೇ ವಾರ ಭೇದಿ ಹತ್ತಿತು. ಬೆಳಗಿನಿಂದ ಹನ್ನೆರಡು ಸಲ. ನಾನು ತಲುಪುವಾಗ ಮಗುವಿನ ಕಣ್ಣುಗಳು ಒಳಗೆ ಹೋಗಿದ್ದವು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ನಿಧಾನಕ್ಕೆ ಇಳಿಯುತ್ತಿತ್ತು.

ರಾಯಚೂರಿನ ಆಸ್ಪತ್ರೆಯ ದಾರಿಯಲ್ಲಿ ಜೀಪಿನ ಹಿಂಬದಿ ಕೂತು ಚಮಚೆಯಿಂದ ಓಆರ್‌ಎಸ್ ಕುಡಿಸುತ್ತಿದ್ದೆವು. ಅರ್ಧದಷ್ಟು ತುಟಿಯಿಂದ ಹೊರಗೆ ಹರಿಯುತ್ತಿತ್ತು. ತಂಗಿ ಒಂದೇ ಮಾತು ಕೇಳುತ್ತಿದ್ದಳು: "ಅಕ್ಕಾ, ಉಚ್ಚಿ ಹೊಯ್ದಾಳೇನು ನೋಡು." ಬಟ್ಟೆ ಮುಟ್ಟಿ ನೋಡುತ್ತಿದ್ದೆ. ಒಣಗಿತ್ತು.

ಆಸ್ಪತ್ರೆಯಲ್ಲಿ ಡ್ರಿಪ್ ಹಚ್ಚಿದ ಮೇಲೆ ಡಾಕ್ಟರಮ್ಮ ಬಾಟಲಿ ಯಾಕೆ ಶುರುಮಾಡಿದಿರಿ ಎಂದು ಕೇಳಿದರು. ಚೀಲದಲ್ಲೇ ಇದ್ದ ಪುಸ್ತಕ ತೆಗೆದುಕೊಟ್ಟೆ. ಅವರು ತಂಗಿ ತಂದಿದ್ದ ತಾಯಿ ಕಾರ್ಡನ್ನು ಅದರ ಪಕ್ಕದಲ್ಲಿಟ್ಟರು.

"ಇದು ಹಳೇದ್ರೀ. ಒಂದೇ ಪರದೇಶದಾಗ, ಹೆಚ್ಚಾಗಿ ಬಾಟಲಿ ಹಾಲು ಕುಡಿದ ಕೂಸುಗಳನ್ನ ತೂಗಿ ಮಾಡಿದ್ದು. ಕಾರ್ಡಿನಾಗಿರೋದು ಬ್ಯಾರೆ ಬ್ಯಾರೆ ದೇಶದ, ನಮ್ಮ ದೇಶದ್ದೂ ಸೇರಿ, ಆರೋಗ್ಯವಾಗಿದ್ದ ಎದಿಹಾಲಿನ ಕೂಸುಗಳದ್ದು. ಅವು ಮೊದಲ ಎರಡ್ಮೂರು ತಿಂಗಳು ಜೋರು ತೂಕ ಹಿಡೀತಾವ, ಆಮ್ಯಾಲ ನಿಧಾನ. ಹಳೇ ಗೆರಿ ಮ್ಯಾಲ ಇಟ್ರ ಸೊರಗಿದಂಗ ಕಾಣತಾವ. ನಿಮ್ಮ ಕೂಸು ಸೊರಗಿದ್ದಿಲ್ಲ."

ಕಾರ್ಡಿನ ಚುಕ್ಕೆಗಳು ನಡುಗೆರೆಯ ಮೇಲೆಯೇ ಸಾಲಾಗಿ ಕೂತಿದ್ದವು. ಟೀಚರ್ ಬಿಡಿಸಿ ತೋರಿಸಿದರೂ ಆ ಕಾರ್ಡನ್ನು ನಾನು ಅಂದು ಸರಿಯಾಗಿ ನೋಡಿರಲಿಲ್ಲ.

"ಎದಿಹಾಲು ಕುಡಿಸ್ತಾ ಇರ್ರಿ, ಬಿಡಿಸಬ್ಯಾಡ್ರಿ," ಎಂದು ಹೇಳಿ ಅವರು ಮುಂದಿನ ಮಂಚಕ್ಕೆ ಹೋದರು.

ಸಂಜೆಗೆ ಮಗು ಬಟ್ಟೆ ಒದ್ದೆ ಮಾಡಿತು. ತಂಗಿ ಆ ಬಟ್ಟೆಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಆಮೇಲೆ ನನ್ನ ಮುಖ ನೋಡದೆ, ಮಗುವನ್ನು ಎದೆಗೆ ಹಾಕಿಕೊಳ್ಳುತ್ತ ಹೇಳಿದಳು:

"ಇನ್ನ ಮ್ಯಾಲ ಇಕಿ ತೂಕ ನೀ ನೋಡಬ್ಯಾಡ ಅಕ್ಕಾ."

ಆಯಿತು ಎಂದೆ.